ಐರನ್ ಮಾತ್ರೆ ಬಿಟ್ಟು ಬಸಳೆ ತಿಂದರೆ ಸಾಕಾ?

ಸುರತ್ಕಲ್ ಸೊಸೆ: ನನಗೆ 14 ವಾರ, ಹಿಮೋಗ್ಲೋಬಿನ್ 9.6. ಐರನ್ ಮಾತ್ರೆಯಿಂದ ಹೊಟ್ಟೆ ಕಟ್ಟುತ್ತದೆ. ಅದನ್ನು ಬಿಟ್ಟು ಬಸಳೆ, ಖರ್ಜೂರ ಜಾಸ್ತಿ ತಿಂದರೆ ಸಾಕಾ? ಅನುಭವ ಇದ್ದವರು ಹೇಳಿ.

ಕಾಪು ಅಮ್ಮ: ಧಾರಾಳ ಸಾಕು. ನನಗೆ 10.7 ಇತ್ತು. ಅತ್ತೆ ಹಿತ್ತಿಲಿನ ಬಸಳೆ, ಹರಿವೆ, ಹುರುಳಿ ಸಾರು ಅಂತ ದಿನಾ ಬಡಿಸಿದರು. ಹೆರಿಗೆ ಹೊತ್ತಿಗೆ 11 ದಾಟಿತು. ಡಾಕ್ಟರರಿಗೆ ಮಾತ್ರೆ ಬರೆಯುವುದೇ ಕೆಲಸ.

ಮಲ್ಪೆಯವಳು: 10.7 ಎಲ್ಲಿ, 9.6 ಎಲ್ಲಿ ಮಾರಾಯ್ರೆ! ನಾನು ಮಾತ್ರೆ ತಪ್ಪಿಸಿದವಳೇ ಅಲ್ಲ, ಆದರೂ 8ಕ್ಕೆ ಇಳಿಯಿತು. ಚೀಟಿಯಲ್ಲಿ ಐರನ್, ಕ್ಯಾಲ್ಸಿಯಂ ಎರಡಕ್ಕೂ "ಊಟದ ನಂತರ" ಅಂತ ಬರೆದಿದ್ದರು. ಎರಡನ್ನೂ ಒಟ್ಟಿಗೆ ನುಂಗಿ ಮೇಲೊಂದು ಚಾ ಕುಡಿಯುತ್ತಿದ್ದೆ. ಬೇಡ ಅಂತ ಆ ಆಸ್ಪತ್ರೆಯಲ್ಲಿ ಒಬ್ಬರೂ ಹೇಳಲಿಲ್ಲ. ಏಳನೇ ತಿಂಗಳಲ್ಲಿ ಡ್ರಿಪ್‌ನಲ್ಲಿ ಐರನ್ ಹಾಕಿದರು. ಔಷಧಿಗೇ ನಾಲ್ಕು ಸಾವಿರದ ಹತ್ತಿರ. ಬೆಡ್ಡಿಗೆ ಬೇರೆ, ನರ್ಸಿಗೆ ಬೇರೆ, ಆ ಸೂಜಿ, ಟ್ಯೂಬಿಗೂ ಬೇರೆ ಬಿಲ್ಲು. ಈಗಲೂ ಇಟ್ಟುಕೊಂಡಿದ್ದೇನೆ.

ಮಣಿಪಾಲದ ಮೆಡಿಕಲ್ ಅಕ್ಕ: ಐರನ್‌ಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಬೇಕು. ಚಾ, ಕಾಫಿಯನ್ನೂ ಅದರ ಹತ್ತಿರ ತರಬೇಡಿ. ಲಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಒಳ್ಳೆಯದು. ಸೊಪ್ಪಿನಲ್ಲಿ ಐರನ್ ಉಂಟು, ಆದರೆ ದೇಹ ಹೀರುವುದು ಸ್ವಲ್ಪವೇ. 9.6ನ್ನು ಮೇಲೆತ್ತಲು ಅದೊಂದೇ ಸಾಲದು. ಸರಕಾರಿ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಐರನ್ ಇರುತ್ತದೆ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಕೂಡ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ದಿನಕ್ಕೆ ಎರಡು ಕೊಡುವುದು ಕ್ರಮ. ಹೊಟ್ಟೆ ಕಟ್ಟಿದರೆ ನೀವಾಗಿ ಬಿಡಬೇಡಿ, ಬೇರೆ ಬಗೆಯ ಐರನ್ ಬರೆದುಕೊಡಿ ಅಂತ ಡಾಕ್ಟರರನ್ನೇ ಕೇಳಿ. ಮಲ ಕಪ್ಪಾದರೆ ಹೆದರಬೇಡಿ. ಸರಿಯಾಗಿ ತಿಂದೂ ತಿಂಗಳಲ್ಲಿ ಒಂದು ಪಾಯಿಂಟ್ ಏರದಿದ್ದರೆ ಕಾರಣ ಬೇರೆ ಇರಬಹುದು, ಥಲಸ್ಸೀಮಿಯಾ ಟೆಸ್ಟ್ ಕೂಡ ಮಾಡಿಸುತ್ತಾರೆ.

ಕಾಪು ಅಮ್ಮ: ನಿಮ್ಮ ಅಂಗಡಿಯ ಮಾತ್ರೆ ಖರ್ಚಾಗಬೇಕಲ್ವಾ!

ಮಣಿಪಾಲದ ಮೆಡಿಕಲ್ ಅಕ್ಕ: ಕೆಂಪು ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ನನಗೆಂತ ಲಾಭ?

ಬಂಟ್ವಾಳ ರೈ: ನನ್ನ ಸಿಟ್ಟು ಫೋಲಿಕ್ ಮಾತ್ರೆಯ ಮೇಲೆ. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದಂತೆ. ನನಗೆ ಮಾತ್ರೆ ಬರೆದದ್ದು ಮೂರನೇ ತಿಂಗಳಲ್ಲಿ! ಮದುವೆಯಾದ ಕೂಡಲೇ ಯಾಕೆ ಹೇಳುವುದಿಲ್ಲ? ಇರಲಿ, ನೀವು ಮೀನು ಬಿಡಬೇಡಿ.

ಮಲ್ಪೆಯವಳು: ಎಲ್ಲಾ ಮೀನೂ ಅಲ್ಲ. ತಾಟೆ ಬೇಡ, ಅದರಲ್ಲಿ ಪಾದರಸ ಜಾಸ್ತಿ. ಬೂತಾಯಿ, ಬಂಗುಡೆ ತಿನ್ನಿ. ಮರುವಾಯಿ ಚೆನ್ನಾಗಿ ಬೇಯಬೇಕು, ಬೆಂದರೂ ಬಾಯಿ ತೆರೆಯದ್ದನ್ನು ಎಸೆಯಿರಿ.

ಕಾಪು ಅಮ್ಮ: ಮರುವಾಯಿ ಉಷ್ಣ! ಪಪ್ಪಾಯಿಯೂ ಅಷ್ಟೇ, ಮುಟ್ಟಬೇಡಿ.

ಮಣಿಪಾಲದ ಮೆಡಿಕಲ್ ಅಕ್ಕ: ಪೂರ್ತಿ ಹಣ್ಣಾದ ಪಪ್ಪಾಯಿಗೆ ತೊಂದರೆ ಇಲ್ಲ. ಬೇಡ ಅನ್ನುವುದು ಕಾಯಿಗೆ, ಅದರ ಹಾಲಿನಿಂದಾಗಿ.

ಕಾಪು ಅಮ್ಮ: ನಿಮ್ಮ ಅತ್ತೆಗೆ ಹೋಗಿ ಹೇಳಿ ನೋಡುವ!

ಸುರತ್ಕಲ್ ಸೊಸೆ: ನನಗೂ ಬೆಳಿಗ್ಗೆ ಐರನ್, ಕ್ಯಾಲ್ಸಿಯಂ ಒಟ್ಟಿಗೇ. ಇವತ್ತಿನಿಂದ ಬೇರೆ ಬೇರೆ ಮಾಡುತ್ತೇನೆ. ಅಂಜಲ್ ತಿನ್ನಬಹುದಾ?

ಬಂಟ್ವಾಳ ರೈ: ಈಗಿನ ರೇಟಿನಲ್ಲಾ?