ಅಮ್ಮಂಗೆ ಸ್ಟ್ರೋಕ್, 60 ದಿನ ನೋಟಿಸ್ ಮನ್ನಾ ಮಾಡಿ ಅಂತ ರಾಜೀನಾಮೆ ಪತ್ರ ಹೇಗೆ ಬರೀಲಿ?

ಪ್ರಶ್ನೆ (ಹೈಸ್ಕೂಲ್ ಗಣಿತ ಟೀಚರ್):
ಖಾಸಗಿ ಶಾಲೇಲಿ ಇದೀನಿ. ಅಮ್ಮಂಗೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಸ್ವಾಧೀನ ಇಲ್ಲ, ಸದ್ಯದಲ್ಲೇ ಡಿಸ್ಚಾರ್ಜ್ ಮಾಡ್ತಾರಂತೆ, ಆಮೇಲೆ ನೋಡ್ಕೊಳ್ಳೋಕೆ ನಾನೊಬ್ಳೇ. ಅಪಾಯಿಂಟ್‌ಮೆಂಟ್ ಆರ್ಡರಲ್ಲಿ 60 ದಿನ ನೋಟಿಸ್ ಇಲ್ಲಾಂದ್ರೆ ಅಷ್ಟು ದಿನದ ಸಂಬಳ ಕಟ್ಬೇಕು ಅಂತಿದೆ. ನಂಗೆ ಹೆಚ್ಚೆಂದ್ರೆ ಇನ್ನು 10 ದಿನ ಬರಕ್ಕಾಗತ್ತೆ. "ಕೌಟುಂಬಿಕ ತುರ್ತು ಕಾರಣದಿಂದ ಈ ಕೂಡಲೇ ರಾಜೀನಾಮೆ ನೀಡುತ್ತಿದ್ದೇನೆ, ದಯವಿಟ್ಟು ನೋಟಿಸ್ ಮನ್ನಾ ಮಾಡಿ" ಅಂತ ಬರ್ದಿಟ್ಟಿದೀನಿ. ಇಷ್ಟು ಸಾಕಾ? ರಿಲೀವಿಂಗ್ ಲೆಟರ್ ಸಿಗದೇ ಹೋದ್ರೆ ಅನ್ನೋ ಭಯ.

ಉತ್ತರ (ಶಾಲೆಗಳ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿರೋರು):
ಮೇಡಂ, ಆ ಪತ್ರ ಇನ್ನೂ ಕೊಟ್ಟಿಲ್ಲ ಅಂದ್ರೆ ಕೊಡ್ಬೇಡಿ. "ಈ ಕೂಡಲೇ" ಅನ್ನೋದನ್ನ ಮೊದ್ಲು ತೆಗೀರಿ. ಹಾಗೆ ಬರೆದ್ರೆ ನೋಟಿಸ್ ಕೊಡದೆ ಬಿಟ್ಟು ಹೋಗ್ತಿದೀನಿ ಅಂತ ನೀವೇ ಸಹಿ ಹಾಕಿ ಕೊಟ್ಟ ಹಾಗಾಗತ್ತೆ, ಅದರ ಹಿಂದೆ ಬರೋ ಮನ್ನಾ ಮಾಡಿ ಅನ್ನೋ ಮಾತಿಗೆ ತೂಕಾನೇ ಇರಲ್ಲ.

ಒಂದು ಪತ್ರದಲ್ಲಿ ನೀವು ಎರಡು ಕೆಲಸ ಮಾಡ್ತಿದೀರ. ರಾಜೀನಾಮೆ ನೀವು ಕೊಡೋದು, ಮನ್ನಾ ಅವರು ಕೊಡೋದು. ಮ್ಯಾನೇಜ್‌ಮೆಂಟ್ ನಿಮ್ಮ ರಾಜೀನಾಮೆ ಒಪ್ಕೊಂಡು ಮನ್ನಾ ಬಗ್ಗೆ ಸುಮ್ನಿದ್ರೆ ಏನಾಗತ್ತೆ? ಕೆಲಸಾನೂ ಹೋಯ್ತು, ಫೈನಲ್ ಸೆಟಲ್‌ಮೆಂಟಲ್ಲಿ ನೋಟಿಸ್ ಪೇ ಅಂತ ಸಂಬಳಾನೂ ಹಿಡ್ಕೊಂಡ್ರು. ಜಾಸ್ತಿ ಜನ ಸಿಕ್ಕಿ ಬೀಳೋದು ಇಲ್ಲೇ. ಹಾಗಂತ "ಮನ್ನಾ ಮಾಡಿದ್ರೆ ಮಾತ್ರ ರಾಜೀನಾಮೆ" ಅಂತ ಬರೆಯೋಕೂ ಹೋಗ್ಬೇಡಿ, ಅದು ರಾಜೀನಾಮೇನೋ ಬೆದರಿಕೇನೋ ಯಾರಿಗೂ ಅರ್ಥ ಆಗಲ್ಲ. ಅದಕ್ಕೇ ಪತ್ರ ಕೊಡೋ ಮುಂಚೆ ಪ್ರಿನ್ಸಿಪಾಲ್ ಹತ್ರ ಹೋಗಿ ಕೂತು ಮಾತಾಡಿ. ಮನ್ನಾ ಮಾಡೋ ಅಧಿಕಾರ ಅವರಿಗೇ ಇದ್ಯಾ ಇಲ್ಲ ಆಡಳಿತ ಮಂಡಳಿಗಾ ಅಂತ ಅಲ್ಲೇ ಕೇಳ್ಕೊಳ್ಳಿ, ಅಧಿಕಾರ ಯಾರಿಗಿದ್ಯೋ ಪತ್ರ ಅವರ ಹೆಸರಿಗೇ ಹೋಗ್ಬೇಕು, ಅದು ಮಂಡಳಿ ಆದ್ರೆ ಪ್ರಿನ್ಸಿಪಾಲ್ ಮೂಲಕ ಅಂತ ಹಾಕಿ.

ಆಮೇಲೆ ದಿನದ ಲೆಕ್ಕ ನೀವೇ ಮಾಡಿ ಕೊಡಿ. ಅವರ ಕೈಗೆ ಬಿಟ್ರೆ 60 ದಿನ ಪೂರ್ತಿ ಒಂದು ಗಂಟಾಗಿ ಕಾಣತ್ತೆ. ನಿಮ್ಮ ಖಾತೇಲಿ ಗಳಿಕೆ ರಜೆ ಎಷ್ಟಿದೆ ಹೇಳಿ.

ಪ್ರಶ್ನೆ ಕೇಳಿದವರು: 14 ದಿನ ಇದೆ ಸರ್, ಆಫೀಸಲ್ಲಿ ಕೇಳ್ದೆ. ಪತ್ರ ಮೂರನೇ ತಾರೀಖು ಕೊಡೋಣ ಅಂತಿದೀನಿ.

ಉತ್ತರ:
ಸರಿ. ಮೂರಕ್ಕೆ ಕೊಟ್ಟು ನಾಲ್ಕರಿಂದ ಎಣಿಸಿದ್ರೆ 13ಕ್ಕೆ 10 ದಿನ. ಆರ್ಡರಲ್ಲಿ ಕೆಲಸದ ದಿನ ಅಂತ ಬೇರೆ ಹೇಳಿಲ್ಲ ಅಂದ್ರೆ ಭಾನುವಾರಾನೂ ಸೇರತ್ತೆ, ಆ ಸಾಲು ಒಂದ್ಸಲ ಓದಿ ನೋಡಿ. ಉಳೀತು 50. ಅದರಲ್ಲಿ 14 ರಜೆಗೆ ಹೊಂದಿಸಿದ್ರೆ ನೀವು ನಿಜವಾಗ್ಲೂ ಕೇಳ್ತಿರೋದು 36 ದಿನದ ಮನ್ನಾ ಅಷ್ಟೇ. 60 ದಿನ ಮನ್ನಾ ಮಾಡಿ ಅಂತ ಕೇಳೋದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ, ಒಪ್ಪೋರಿಗೂ ಸುಲಭ.

ಪತ್ರ ಹೀಗಿರ್ಲಿ:

"ವಿಷಯ: ರಾಜೀನಾಮೆ ಹಾಗೂ ನೋಟಿಸ್ ಅವಧಿಯ ಭಾಗಶಃ ಮನ್ನಾ ಕೋರಿ ಮನವಿ.

ಮಾನ್ಯರೇ,
ನನ್ನ ತಾಯಿಯವರು ಪಾರ್ಶ್ವವಾಯುವಿಗೆ ತುತ್ತಾಗಿದ್ದು, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸದಾ ಒಬ್ಬರು ಜೊತೆಯಲ್ಲಿರಬೇಕೆಂದು ವೈದ್ಯರು ತಿಳಿಸಿದ್ದಾರೆ. ಆ ಹೊಣೆ ನನ್ನೊಬ್ಬಳದೇ ಆಗಿರುವುದರಿಂದ ಗಣಿತ ಶಿಕ್ಷಕಿ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ.

ನೇಮಕಾತಿ ಆದೇಶದಂತೆ 60 ದಿನಗಳ ನೋಟಿಸ್ ನೀಡಬೇಕೆಂಬುದು ನನಗೆ ತಿಳಿದಿದೆ. ಆದರೆ ಇದೇ ತಿಂಗಳ 13ರ ನಂತರ ಕರ್ತವ್ಯಕ್ಕೆ ಹಾಜರಾಗಲು ನನಗೆ ಸಾಧ್ಯವಿಲ್ಲ. ಆದ್ದರಿಂದ ಅಂದು ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಿ, ಉಳಿದ 50 ದಿನಗಳಿಗೆ ನನ್ನ ಖಾತೆಯ 14 ದಿನಗಳ ಗಳಿಕೆ ರಜೆಯನ್ನು ಹೊಂದಿಸಿಕೊಂಡು, ಬಾಕಿ 36 ದಿನಗಳನ್ನು ವೇತನ ಕಡಿತವಿಲ್ಲದೆ ಮನ್ನಾ ಮಾಡಬೇಕೆಂದು ಕೋರುತ್ತೇನೆ.

13ರೊಳಗೆ ಒಂಬತ್ತು ಮತ್ತು ಹತ್ತನೇ ತರಗತಿಗಳಲ್ಲಿ ಮುಗಿದ ಹಾಗೂ ಉಳಿದ ಪಾಠಗಳ ಪಟ್ಟಿ, ಅಂಕಗಳ ವಹಿ ಮತ್ತು ಮೌಲ್ಯಮಾಪನ ಮುಗಿಸಿದ ಉತ್ತರ ಪತ್ರಿಕೆಗಳನ್ನು ತಾವು ಸೂಚಿಸುವ ಶಿಕ್ಷಕರಿಗೆ ಒಪ್ಪಿಸುತ್ತೇನೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ. ಮನವಿಯ ಕುರಿತ ತಮ್ಮ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ."

ಇಷ್ಟೇ. ಶಾಲೆ ಕೊಟ್ಟ ಅವಕಾಶಕ್ಕೆ ಚಿರಋಣಿ ಅಂತ ಒಂದು ಪುಟ ಬರೆಯೋದೇನೂ ಬೇಡ. "ವೇತನ ಕಡಿತವಿಲ್ಲದೆ" ಅನ್ನೋದನ್ನ ಮಾತ್ರ ಬಿಡ್ಬೇಡಿ, ಯಾಕಂದ್ರೆ ನಾಳೆ ಬೇಗ ಬಿಟ್ವಿ ನಿಜ, ದುಡ್ಡು ಬಿಡ್ತೀವಿ ಅಂದಿರ್ಲಿಲ್ಲ ಅಂತಾರೆ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸ್ಕೊಂಡು ಬನ್ನಿ. ಅದನ್ನೇ ಇಮೇಲಲ್ಲೂ ಕಳ್ಸಿ, ಪರ್ಸನಲ್ ಇಮೇಲಿಂದ, ಶಾಲೆಯ ಐಡಿ ಆಮೇಲೆ ಮುಚ್ಚಿಬಿಡ್ತಾರೆ.

ಇನ್ನೊಬ್ಬ ಸದಸ್ಯರು: ರಜೆ ಹೊಂದಿಸೋದು ನಮ್ಮ ಹಕ್ಕು, ಅದನ್ನ ಕೇಳೋದ್ಯಾಕೆ? ಮತ್ತೆ ಎಮ್‌ಆರ್‌ಐ, ಸ್ಕ್ಯಾನ್, ಬಿಲ್ ಎಲ್ಲಾ ಸೇರಿಸಿ ಹಾಕಿ ಅಕ್ಕಾ, ಮೆಡಿಕಲ್ ಎಮರ್ಜೆನ್ಸಿ ಅಂದ್ಮೇಲೆ ಅವರು ಮನ್ನಾ ಮಾಡ್ಲೇಬೇಕು.

ಉತ್ತರ:
ದಾಖಲೆ ಕೊಡಿ ಅನ್ನೋದು ಸರಿ, ಉಳಿದಿದ್ದು ಅಷ್ಟು ಸಲೀಸಲ್ಲ ಸರ್. ರಜೆ ನಿಮ್ಮ ಖಾತೇಲಿದ್ರೂ ಅದನ್ನ ನೋಟಿಸ್ ಟೈಮಲ್ಲಿ ಬಳಸೋಕೆ ಬಹಳ ಕಡೆ ಒಪ್ಪಿಗೆ ಬೇಕು, ಕೆಲವು ಆರ್ಡರಲ್ಲಿ ನೋಟಿಸ್ ಅವಧೀಲಿ ರಜೆ ಇಲ್ಲ ಅಂತಾನೇ ಬರ್ದಿರತ್ತೆ. ಇನ್ನು ಕೆಲವು ಕಡೆ ರಜೆ ಹೊಂದಿಸಿದ್ರೆ ಆ 14 ದಿನದ ರಜೆ ನಗದು ಸಿಗಲ್ಲ, ಅದೂ ಗೊತ್ತಿರ್ಲಿ. ಮನ್ನಾ ಮಾಡ್ಲೇಬೇಕು ಅಂತ ಹೇಳೋ ಕಲಮು ಆರ್ಡರಲ್ಲೋ ಶಾಲೆಯ ಸೇವಾ ನಿಯಮದಲ್ಲೋ ಇದ್ರೆ ಅದನ್ನ ಪತ್ರದಲ್ಲೇ ಕಾಣಿಸಿ, ಇಲ್ಲಾಂದ್ರೆ ಇದು ಕೋರಿಕೆ ಅಷ್ಟೇ, ಜೋರು ಮಾಡೋಕಾಗಲ್ಲ.

ಸ್ಕ್ಯಾನ್ ಗೀನ್ ಬೇಡ. ಪ್ರಿನ್ಸಿಪಾಲರಿಗೆ ಮೆದುಳಿನ ಚಿತ್ರ ನೋಡಿ ಏನು ತಿಳಿಯತ್ತೆ? ಅಮ್ಮನ ಖಾಸಗಿ ವಿಷಯ ಆಫೀಸ್ ಫೈಲಲ್ಲಿ ಓಡಾಡೋದೂ ಚೆನ್ನಾಗಿರಲ್ಲ. ನೋಡ್ತಿರೋ ಡಾಕ್ಟ್ರ ಹತ್ರ ಲೆಟರ್‌ಹೆಡ್ಡಲ್ಲಿ ಮೂರು ಸಾಲು ಬರೆಸ್ಕೊಳ್ಳಿ: ರೋಗಿಯ ಹೆಸರು, ಜೊತೆಗೊಬ್ಬರು ಬೇಕು, ಸುಮಾರು ಎಷ್ಟು ತಿಂಗಳು. ಬರೀ ಅಡ್ಮಿಷನ್ ಸ್ಲಿಪ್ ಕೊಟ್ರೆ ಡಿಸ್ಚಾರ್ಜ್ ಆದ್ಮೇಲೆ ವಾಪಸ್ ಬನ್ನಿ ಅಂತಾರೆ, ಯಾಕಂದ್ರೆ ಸ್ಟ್ರೋಕಲ್ಲಿ ಕಷ್ಟ ಶುರುವಾಗೋದೇ ಡಿಸ್ಚಾರ್ಜ್ ಆದ್ಮೇಲೆ ಅಂತ ಅನುಭವ ಇಲ್ದೋರಿಗೆ ಗೊತ್ತಿರಲ್ಲ.

ಮತ್ತೊಬ್ಬ ಟೀಚರ್: ಸರ್ ಒಳ್ಳೇ ಪತ್ರ, ನಂಗೂ ಬೇಕಿತ್ತು. ಬೇರೆ ಶಾಲೇಲಿ ಜಾಸ್ತಿ ಸಂಬಳಕ್ಕೆ ಸಿಕ್ಕಿದೆ, ಬೇಗ ಸೇರಿ ಅಂತಿದಾರೆ. ಅಪ್ಪಂಗೆ ಬಿಪಿ ಇದೆ, ಅದನ್ನೇ ಹಾಕ್ಬಹುದಾ?

ಉತ್ತರ:
ಬೇಡಮ್ಮಾ. ಹೊಸ ಶಾಲೆಯವರು ಹಳೇ ಶಾಲೆಗೆ ಫೋನ್ ಮಾಡಿ ವಿಚಾರಿಸ್ತಾರೆ, ತಂದೆ ಆರೋಗ್ಯ ಸರಿ ಇಲ್ಲ ಅಂತ ಹೋದೋರು ನಿಮ್ಮಲ್ಲಿ ಹೇಗೆ ಸೇರಿದ್ರು ಅಂತ ಅಲ್ಲಿಂದ ಪ್ರಶ್ನೆ ಬರತ್ತೆ. ನಿಮ್ಮದು ನೋಟಿಸ್ ಬೈಔಟ್ ವಿಷಯ, ಉಳಿದ ದಿನದ ದುಡ್ಡು ಕಟ್ಟಿ ಹೋಗೋದು, ಕೆಲವೊಮ್ಮೆ ಹೊಸ ಶಾಲೆಯವರೇ ಅದನ್ನ ಕಟ್ತಾರೆ, ಕೇಳಿ ನೋಡಿ. ಬೇರೆ ಪೋಸ್ಟ್ ಹಾಕಿ, ಇಲ್ಲಿ ಮೇಡಂ ವಿಷಯ ಮುಗೀಲಿ.

ನಿವೃತ್ತ ಮುಖ್ಯ ಶಿಕ್ಷಕಿ: ನಂದೊಂದು ಮಾತು. ರಾಜೀನಾಮೇನೇ ಯಾಕಮ್ಮಾ ಮೊದ್ಲು? ಸ್ಟ್ರೋಕ್ ಆದೋರಲ್ಲಿ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜಾಸ್ತಿ ಕಾಣತ್ತೆ ಅಂತಾರೆ ಡಾಕ್ಟ್ರುಗಳು. ಅಲ್ಲಿವರೆಗೆ ಸಂಬಳ ಇಲ್ಲದ ರಜೆ ಕೇಳಿ ನೋಡು. ನಾನು ಮುಖ್ಯ ಶಿಕ್ಷಕಿ ಆಗಿದ್ದಾಗ ಹೊಸ ಗಣಿತ ಟೀಚರ್ ಹುಡುಕೋದಕ್ಕಿಂತ ಇರೋರಿಗೆ ರಜೆ ಕೊಡೋದೇ ಸುಲಭ ಅನ್ನಿಸ್ತಿತ್ತು.

ಉತ್ತರ: ಅದು ವರ್ಷದ ಯಾವ ಟೈಮು ಅನ್ನೋದರ ಮೇಲಿದೆ ಅಮ್ಮ. ಪರೀಕ್ಷೆ ಹತ್ರ ಇದ್ರೆ ರಜೆ ಅಂದ್ರೆ ಪಾಠ ನಿಂತೋಗತ್ತೆ, ಖಾಯಂ ಆಗಿ ಬೇರೆಯವರನ್ನ ತಗೋತೀವಿ ಅಂತಾರೆ. ಆದ್ರೂ ಪ್ರಿನ್ಸಿಪಾಲ್ ಹತ್ರ ಮಾತಾಡುವಾಗ ಬಾಯ್ಮಾತಲ್ಲಿ ಕೇಳೋದ್ರಲ್ಲಿ ನಷ್ಟ ಇಲ್ಲ. ಒಂದೇ ಪತ್ರದಲ್ಲಿ ರಜೆನೂ ರಾಜೀನಾಮೆನೂ ಸೇರಿಸ್ಬೇಡಿ ಅಷ್ಟೇ.

ಪ್ರಶ್ನೆ ಕೇಳಿದವರು: ರಜೆ ಕೇಳ್ದೆ ಅಮ್ಮ, ಆಗಲ್ಲ ಅಂದ್ರು. ಪತ್ರ ಕೊಟ್ಟು ಸೀಲ್ ಹಾಕಿಸ್ಕೊಂಡೆ. ಪ್ರಿನ್ಸಿಪಾಲ್ "ಹೋಗಮ್ಮಾ, ಅಮ್ಮನ್ನ ನೋಡ್ಕೋ, ಏನೂ ಯೋಚ್ನೆ ಮಾಡ್ಬೇಡ" ಅಂದ್ರು. ಇವತ್ತು ಆಫೀಸಿಂದ ಮೇಲ್ ಬಂದಿದೆ: "ತಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದ್ದು, 13ರಂದು ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು. ನೋಟಿಸ್ ಅವಧಿ ಕುರಿತು ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು." ಆಯ್ತಲ್ವಾ ಸರ್?

ಉತ್ತರ:
ಇಲ್ಲ ಮೇಡಂ, ಅರ್ಧ ಆಗಿದೆ. ತಾರೀಖು ಸಿಕ್ತು, ರಿಲೀವಿಂಗ್ ಭಯ ಬಹುಪಾಲು ಹೋಯ್ತು. ಆದ್ರೆ ಆ ಕೊನೇ ಸಾಲಿದೆಯಲ್ಲ, ನಿಯಮ ಅಂದ್ರೆ ನಿಮ್ಮ ಆರ್ಡರ್, ಆರ್ಡರಲ್ಲಿ ಇರೋದು ಸಂಬಳ ಕಟ್ಟಿ ಅಂತ. ಪ್ರಿನ್ಸಿಪಾಲ್ ಹೇಳಿದ್ದು ಮನಸಾರೆ ಇರ್ಬಹುದು, ಲೆಕ್ಕ ಮಾಡೋದು ಅಕೌಂಟ್ಸ್‌ನೋರು, ಅವರು ಕಾಗದ ಮಾತ್ರ ನೋಡ್ತಾರೆ. ಇವತ್ತೇ ಅದೇ ಮೇಲ್‌ಗೆ ರಿಪ್ಲೈ ಮಾಡಿ: "ಬಿಡುಗಡೆಗೆ ಒಪ್ಪಿದ್ದಕ್ಕೆ ಧನ್ಯವಾದ. 14 ದಿನಗಳ ರಜೆ ಹೊಂದಾಣಿಕೆ ಹಾಗೂ 36 ದಿನಗಳ ಮನ್ನಾಕ್ಕೆ ಒಪ್ಪಿಗೆ ಇದೆಯೇ, ಅಂತಿಮ ಲೆಕ್ಕದಲ್ಲಿ ಕಡಿತ ಇರುವುದಿಲ್ಲವೇ ಎಂಬುದನ್ನು ದಯವಿಟ್ಟು ದೃಢಪಡಿಸಿ." ಜಗಳದ ಧಾಟಿ ಬೇಡ.

ಪೂರ್ತಿ ಆಗಲ್ಲ ಅಂದ್ರೆ 36ರಲ್ಲಿ ಅರ್ಧಕ್ಕಾದ್ರೂ ಕೇಳಿ, ಅಥವಾ ಮನೆಯಿಂದ್ಲೇ ಪ್ರಶ್ನೆಪತ್ರಿಕೆ ತಯಾರು ಮಾಡಿಕೊಡ್ತೀನಿ, ಆನ್‌ಲೈನಲ್ಲಿ ಕೆಲವು ಕ್ಲಾಸ್ ತಗೋತೀನಿ ಅನ್ನಿ. ಇದನ್ನ ಮೊದಲ ಪತ್ರದಲ್ಲಿ ಬೇಕಂತಲೇ ಹಾಕಿರ್ಲಿಲ್ಲ, ಹಾಕಿದ್ರೆ ಮಾತುಕತೆ ಅಲ್ಲಿಂದ್ಲೇ ಶುರುವಾಗ್ತಿತ್ತು.

ಇನ್ನೊಬ್ಬ ಸದಸ್ಯರು: ಕಟ್ ಮಾಡಿದ್ರೂ ಮೂಲ ವೇತನದ ಮೇಲೆ ಮಾತ್ರ ಅಲ್ವಾ ಸರ್? ನಮ್ಮ ಕಡೆ ಹಾಗೇ ಮಾಡಿದ್ರು.

ಉತ್ತರ: ನಿಮ್ಮ ಆರ್ಡರಲ್ಲಿ ಹಾಗಿದ್ದಿರ್ಬೇಕು. ಬರೀ "ವೇತನ" ಅಂತಿದ್ದಾಗ ಒಟ್ಟು ವೇತನದ ಮೇಲೆ ಹಿಡಿದಿದ್ದೂ ನೋಡಿದೀನಿ, ಮೂಲ ವೇತನದ ಮೇಲೆ ಹಿಡಿದಿದ್ದೂ ನೋಡಿದೀನಿ. ಮೇಡಂ, ಆ ಕಲಮು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿ ಹಾಕಿ ನೋಡೋಣ, ಶಾಲೆ ಹೆಸರು ಬೇಡ.

ಪ್ರಶ್ನೆ ಕೇಳಿದವರು: ಆರ್ಡರ್ ಮನೇಲಿದೆ, ನಾನು ಆಸ್ಪತ್ರೇಲಿದೀನಿ. ರಿಪ್ಲೈ ಈಗಷ್ಟೇ ಕಳಿಸ್ದೆ ಸರ್, ರಾತ್ರಿ ಮನೆಗೆ ಹೋಗಿ ಹಾಕ್ತೀನಿ.