ಸಹಾಯ ಬೇಕು: ಫ್ಲ್ಯಾಟ್ ವಿಳಂಬಕ್ಕೆ ಬಿಲ್ಡರ್‌ಗೆ ಬರೆಯುವ ಪತ್ರದಲ್ಲಿ ಯಾವ ಪರಿಹಾರ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ರೇರಾ ನೋಂದಣಿಯಿರುವ ಯೋಜನೆಯೊಂದರಲ್ಲಿ ನಾವು 1,200 ಚದರಡಿಯ ಫ್ಲ್ಯಾಟ್ ಕೊಂಡಿದ್ದು, ಈವರೆಗೆ 60 ಲಕ್ಷ ರೂಪಾಯಿ ಪಾವತಿಸಿದ್ದೇವೆ. ಮಾರಾಟ ಕರಾರಿನ ಪ್ರಕಾರ 2023ರ ಡಿಸೆಂಬರ್‌ನೊಳಗೆ, ಆರು ತಿಂಗಳ ಹೆಚ್ಚುವರಿ ಅವಧಿ ಸೇರಿಸಿದರೂ 2024ರ ಜೂನ್‌ನೊಳಗೆ, ಸ್ವಾಧೀನ ಕೊಡಬೇಕಿತ್ತು. ಇಮೇಲ್‌ಗಳಿಗೆ 'ಶೀಘ್ರದಲ್ಲೇ' ಎಂಬ ಉತ್ತರವಷ್ಟೇ ಬರುತ್ತಿದೆ. ಬಾಡಿಗೆ, ಕಂತು ಎರಡನ್ನೂ ಕಟ್ಟುತ್ತಿರುವ ನಮಗೆ ಇನ್ನು ಕಾಯುವ ಶಕ್ತಿಯಿಲ್ಲ. ಆದರೆ ಮನೆ ಬೇಕೇ ಬೇಕು, ಹಣ ವಾಪಸು ಬೇಡ.

ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಲು ಪತ್ರ ಬರೆಯುತ್ತಿದ್ದೇನೆ. ತೊಡಕು ಪರಿಹಾರದ ಪ್ಯಾರಾದಲ್ಲಿದೆ. ವಿಳಂಬಕ್ಕೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಎಂದು ಕರಾರು ಹೇಳುತ್ತದೆ, ಅಂದರೆ 6,000 ರೂಪಾಯಿ. ರೇರಾ ಕಾಯ್ದೆಯ 18ನೇ ಸೆಕ್ಷನ್ ಮಾತ್ರ, ಯೋಜನೆಯಲ್ಲೇ ಉಳಿಯುವ ಖರೀದಿದಾರರಿಗೆ ಸ್ವಾಧೀನ ಕೊಡುವವರೆಗೆ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ ಕೊಡಬೇಕೆನ್ನುತ್ತದೆ. ಲೆಕ್ಕಕ್ಕೆ ವಾರ್ಷಿಕ ಶೇ. 10 ಎಂದು ಹಿಡಿದರೆ ಅದು ತಿಂಗಳಿಗೆ 50,000 ರೂಪಾಯಿ ಆಗುತ್ತದೆ. ನಾವು ಕಂತು ತಡಮಾಡಿದರೆ ಶೇ. 18 ಬಡ್ಡಿ ಎಂದು ಬರೆಸಿಕೊಂಡವರು ತಮ್ಮ ತಪ್ಪಿಗೆ ಇಷ್ಟು ಕಡಿಮೆ ಇಟ್ಟಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸ್ವಾಧೀನದ ದಿನಾಂಕಕ್ಕೆ ಕರಾರನ್ನೇ ಉಲ್ಲೇಖಿಸಬೇಕು. ಹಾಗೆ ಮಾಡಿದರೆ ಅದರಲ್ಲಿರುವ 5 ರೂಪಾಯಿಯ ಷರತ್ತನ್ನೂ ಒಪ್ಪಿದಂತಾಗುವುದೇ ಎಂಬ ಭಯ ನನಗಿದೆ. ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಒ.ಸಿ., ಇಲ್ಲದೆಯೇ ಕೀಲಿ ಕೊಟ್ಟು, 'ಇನ್ನಾವ ಬೇಡಿಕೆಯೂ ಇಲ್ಲ' ಎಂದು ಸಹಿ ಕೇಳುವ ಸಾಧ್ಯತೆಯೂ ಇದೆ.

ಇಂಥ ಪತ್ರ ಬರೆದು ರೇರಾಗೆ ಹೋದವರು ದಯವಿಟ್ಟು ತಿಳಿಸಿ: ದಿನಾಂಕಕ್ಕೆ ಕರಾರು, ಬಡ್ಡಿಗೆ 18ನೇ ಸೆಕ್ಷನ್ ಎಂದು ಒಂದೇ ಪತ್ರದಲ್ಲಿ ಕೇಳಬಹುದೇ? ಬಡ್ಡಿಯನ್ನು 2024ರ ಜನವರಿಯಿಂದ ಲೆಕ್ಕ ಹಾಕಬೇಕೇ, ಜುಲೈನಿಂದಲೇ?