ಟೆರೇಸ್ ಬಿಸಿ: ಈ ಮಳೆಗೆ ಮೊದಲು ಆಗ್ತದಾ ಇಲ್ವಾ?

401 ಶೆಟ್ರು: ರಾತ್ರಿ ಎರಡೂವರೆಗೆ ಮಕ್ಕಳನ್ನು ಎತ್ತಿಕೊಂಡು ಬಾಲ್ಕನಿಗೆ ಬಂದೆವು. ಆ ಹೊತ್ತಲ್ಲೂ ಸೀಲಿಂಗ್ ಬಿಸಿ! ಕಳೆದ ವರ್ಷವೂ ಇದೇ ಮಾತಾಡಿ ಮಲಗಿದ್ದೀರಿ. ಈ ಸಲ ಬಿಳಿ ಟೈಲ್ ಬೀಳದಿದ್ದರೆ ನಾನು ಮೇಂಟೆನೆನ್ಸ್ ಕೊಡುವುದಿಲ್ಲ.

204: ಮೇಲಿನವರ ಸೆಕೆಗೆ ಕೆಳಗಿನವರು ದುಡ್ಡು ಹಾಕುವುದಾ ಶೆಟ್ರೆ?

401 ಶೆಟ್ರು: ಟೆರೇಸ್ ಎಲ್ಲರದ್ದು. ಹಪ್ಪಳ ಒಣಗಿಸುವಾಗ ನೆನಪಿರ್ತದೆ, ಅಲ್ವಾ?

303 ಅಕ್ಕ: ನಮ್ಮ ಬಾತ್‌ರೂಮ್ ಸೋರುವುದೂ ಇದರಲ್ಲೇ ಸರಿಯಾಗ್ತದಾ?

402: ಟೈಲ್‌ಗಿಂತ ಫೋಮ್ ಬೋರ್ಡ್ ಒಳ್ಳೆಯದು. ರಬ್ಬರ್ ಅಂಟು ಹಚ್ಚಿ ಕೂರಿಸುವುದು, ಮೇಲೆ ಟೈಲ್. ಒಂದೇ ದಿನದ ಕೆಲಸ.

102 ಭಟ್ರು: ಬೋರ್ಡ್ ಒಳ್ಳೆಯದೇ. ಆದರೆ ಆ ಅಂಟು ಫೋಮನ್ನೇ ಕರಗಿಸ್ತದೆ ಮಾರಾಯ್ರೆ. ಫೋಮ್ ಮೇಲೆ ನೇರ ಟೈಲ್ ಕೂರಿಸಿದರೆ ನಡೆದಾಗ ಒಡೆಯುತ್ತದೆ. ಮೇಲೆ ಎರಡು ಇಂಚು ಕಾಂಕ್ರೀಟ್ ಬೇಕು. ನಮ್ಮ 1200 ಚದರ ಅಡಿಗೆ ಅದೇ ಸುಮಾರು 13 ಟನ್. ಸ್ಲ್ಯಾಬ್ ತಡೆಯುತ್ತದಾ ಅಂತ ಎಂಜಿನಿಯರ್ ನೋಡದೆ ನಾನು ಒಪ್ಪುವುದಿಲ್ಲ.

401 ಶೆಟ್ರು: ಹಾಗಾದರೆ ಟೈಲ್. ಅಂಗಡಿಯಲ್ಲಿ ಕೇಳಿದೆ, ಅಂಟು 20 ಚೀಲ ಸಾಕಂತೆ. ಇವತ್ತೇ ಆರ್ಡರ್ ಮಾಡುವ.

102 ಭಟ್ರು: ಸ್ವಲ್ಪ ತಡೀರಿ. ಟ್ಯಾಂಕ್, ಮೆಟ್ಟಿಲ ಕೋಣೆ ಬಿಟ್ಟೇ ನಮ್ಮದು 1200. ಅಡಿಗೊಂದಡಿ ಟೈಲ್, ಕಟಿಂಗ್‌ಗೂ ಒಡೆಯುವುದಕ್ಕೂ ಸೇರಿಸಿ 1300 ತರಿಸಿ. ಅಂಟಿನ ಲೆಕ್ಕ ಬೇರೆ. 3 ಮಿಲಿಮೀಟರ್ ದಪ್ಪಕ್ಕೆ 20 ಕೆಜಿ ಚೀಲ ಸುಮಾರು 45 ಚದರ ಅಡಿಗೆ ಬರುತ್ತದೆ, ಅಂದರೆ 27 ಚೀಲ. ಆದರೆ ನೆಲ ಸಮ ಇರಬೇಕು. ನಿನ್ನೆ ಆರಡಿ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದೆ, ಟ್ಯಾಂಕ್ ಮೂಲೆಯಲ್ಲಿ ಪಟ್ಟಿಯ ಕೆಳಗೆ ಬೆರಳು ಹೋಗುತ್ತದೆ. ಎಲ್ಲ ಕಡೆ ಹೀಗೆ ಅಂಟಲ್ಲೇ ತುಂಬಿಸಿ 6 ಮಿಲಿಮೀಟರ್ ಮಾಡಿದರೆ 54 ಚೀಲ. ಅದಕ್ಕೆ ಮೊದಲು ಗಾರೆಯಲ್ಲಿ ಇಳಿಜಾರು ಸರಿಮಾಡಿ, ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಕಟ್ಟಿ ಎರಡು ದಿನ ಬಿಡಿ. ಸೋರಿಕೆ ಇದ್ದಲ್ಲಿ ಟೈಲ್ ಹಾಕಿದರೆ ಮತ್ತೆ ಒಡೆಯುವುದೇ.

305: *ಫಾರ್ವರ್ಡ್: ಟೆರೇಸ್‌ಗೆ ಸುಣ್ಣ, ಹುಳಿ ಮಜ್ಜಿಗೆ ಬಳಿಯಿರಿ, ಏಸಿಯೇ ಬೇಡ! 10 ಜನರಿಗೆ ಕಳಿಸಿ* 🙏

204: ಮಜ್ಜಿಗೆ ನಮಗೇ ಕೊಡಿ, ನಮ್ಮಲ್ಲೂ ಸೆಕೆ ಉಂಟು 😂

402: ಬಿಳಿ ಟೈಲ್‌ಗೆ ನಮ್ಮ ಮಳೆಯಲ್ಲಿ ಪಾಚಿ ಹಿಡಿಯುವುದಿಲ್ವಾ?

102 ಭಟ್ರು: ಹಿಡಿಯುತ್ತದೆ. ಮಳೆ ಬಿಟ್ಟ ಮೇಲೆ ಉಜ್ಜಲೇಬೇಕು. ಕೊಳೆಯಾದರೆ ಬಿಸಿಲನ್ನು ವಾಪಸ್ ಕಳಿಸುವುದಿಲ್ಲ.

401 ಶೆಟ್ರು: ಉಜ್ಜುವುದು ಯಾರು? ಬಿಲ್ಡರ್ ಇಳಿಜಾರೇ ಸರಿ ಕೊಡಲಿಲ್ಲ! ಮೊದಲು ಅವನನ್ನು ಕರೆಸಿ.

204: ಅವನು ಫೋನೇ ಎತ್ತುವುದಿಲ್ಲ. ಭಟ್ರೆ, ಆ ಟ್ಯಾಂಕ್ ಮೂಲೆ ಯಾವಾಗಲೂ ಒದ್ದೆ ಯಾಕೆ? ಮಳೆಯೇ ಬಂದಿಲ್ವಲ್ಲ?

102 ಭಟ್ರು: ಟ್ಯಾಂಕ್ ತುಂಬಿ ಚೆಲ್ಲುತ್ತಾ ಇದೆ. ಫ್ಲೋಟ್ ವಾಲ್ವ್ ಹೋಗಿದೆ ಅಂತ ಕಾಣ್ತದೆ.

303 ಅಕ್ಕ: ಅಯ್ಯೋ, ಅದೇ ನೀರು ನಮ್ಮ ಬಾತ್‌ರೂಮ್‌ಗೆ ಬರುವುದಾ?

401 ಶೆಟ್ರು: ಟೈಲ್ ವಿಷಯ ಭಾನುವಾರ ಮೀಟಿಂಗ್‌ನಲ್ಲಿ. ಎಲ್ಲರೂ ಬರಬೇಕು.

305: ಭಾನುವಾರ ನಮ್ಮಲ್ಲಿ ಮದುವೆ ಉಂಟು.

204: ಪ್ಲಂಬರ್ ಮಧ್ಯಾಹ್ನ ಬರ್ತಾನಂತೆ. ಅಲ್ಲಿವರೆಗೆ ಯಾರೂ ಮೋಟರ್ ಹಾಕಬೇಡಿ.